‘ಹೋಗ್ತೀನಿ’ಗೂ ‘ಬರ್ತೀನಿ’ಗೂ ನಡುವೆ: ಕಿರುಚಿತ್ರದ ಚಿತ್ರಕಥೆ, ಅದರ ಇಂಗ್ಲಿಷ್ ಸಬ್‌ಟೈಟಲ್

ಕಿರುಚಿತ್ರದ ಚಿತ್ರಕಥೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಬರವಣಿಗೆ ಇರುತ್ತದೆ. ಎಲ್ಲಿ, ಯಾವಾಗ ಎಂದು ಹೇಳುವ ದೃಶ್ಯ ಶೀರ್ಷಿಕೆ ಒಂದು, ತೆರೆಯ ಮೇಲೆ ಕಾಣುವುದನ್ನೂ ಕೇಳುವುದನ್ನೂ ಹೇಳುವ ಕ್ರಿಯಾ ಸಾಲು ಇನ್ನೊಂದು, ಮೂರನೆಯದು ಸಂಭಾಷಣೆ. ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಕಾಣುವುದನ್ನು, ಬಲಕ್ಕೆ ಕೇಳುವುದನ್ನು ಬರೆಯುತ್ತಿದ್ದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಹಾಲಿವುಡ್ಡಿನಿಂದ ಬಂದ ಒಂದೇ ಕಾಲಮ್ಮಿನ ಪದ್ಧತಿ. ಆದರೆ ಅದರ ನಿಯಮಗಳು ರೂಪುಗೊಂಡದ್ದು ಇಂಗ್ಲಿಷ್ ಲಿಪಿಗಾಗಿ. ಕನ್ನಡದಲ್ಲಿ ಬರೆಯುವವರು ಅವುಗಳಲ್ಲಿ ಕೆಲವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲ ತೊಡಕು ದೊಡ್ಡಕ್ಷರದ್ದು. ಇಂಗ್ಲಿಷ್ ಚಿತ್ರಕಥೆಯಲ್ಲಿ ದೃಶ್ಯ ಶೀರ್ಷಿಕೆಯೂ ಪಾತ್ರದ ಹೆಸರೂ ಪೂರ್ತಿ ದೊಡ್ಡಕ್ಷರದಲ್ಲಿರುತ್ತವೆ. ಓದುವವನ ಕಣ್ಣಿಗೂ ಕಂಪ್ಯೂಟರಿಗೂ ಅದೇ ಗುರುತು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. 2012ರಲ್ಲಿ ಬಂದ ಫೌಂಟನ್ ಎಂಬ ಬರವಣಿಗೆ ಕ್ರಮದಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಯಾವ ಸಾದಾ ಟೆಕ್ಸ್ಟ್ ಎಡಿಟರಿನಲ್ಲಾದರೂ ಫೌಂಟನ್ ಕ್ರಮದಲ್ಲಿ ಬರೆಯಬಹುದು. ಅದನ್ನು ಓದಬಲ್ಲ ತಂತ್ರಾಂಶ ಅಂಚು, ಜಾಗಗಳನ್ನೆಲ್ಲ ತಾನೇ ಹೊಂದಿಸಿ ಪುಟ ಕಟ್ಟಿಕೊಡುತ್ತದೆ. ಖಾಲಿ ಸಾಲಿನ ನಂತರ ದೊಡ್ಡಕ್ಷರದಲ್ಲಿರುವ ಸಾಲು ಬಂದು, ಅದರ ಕೆಳಗೇ ಇನ್ನೊಂದು ಸಾಲು ಇದ್ದರೆ ಮೊದಲನೆಯದು ಪಾತ್ರದ ಹೆಸರು ಎಂದು ಅದು ತಿಳಿಯುತ್ತದೆ. ಕನ್ನಡ ಎದುರಾದಾಗ ತಂತ್ರಾಂಶ ಎರಡರಲ್ಲಿ ಒಂದು ಬಗೆಯಲ್ಲಿ ಎಡವಬಹುದು: ದೊಡ್ಡಕ್ಷರ ಇಲ್ಲವೆಂದು ಹೆಸರನ್ನೂ ಕ್ರಿಯಾ ಸಾಲೆಂದುಕೊಳ್ಳುತ್ತದೆ, ಇಲ್ಲವೇ ಸಣ್ಣಕ್ಷರ ಇಲ್ಲವೆಂದು ಕ್ರಿಯಾ ಸಾಲನ್ನೂ ಹೆಸರೆಂದುಕೊಂಡು ಪುಟದ ನಡುವಿಗೆ ತಳ್ಳುತ್ತದೆ. ಪಿಡಿಎಫ್ ತೆಗೆದಾಗ ವಿವರಣೆಯ ಸಾಲೊಂದು ಪಾತ್ರದಂತೆ ನಡುವೆ ನಿಂತಿದ್ದರೆ ಕಾರಣ ಇದೇ.

ಪರಿಹಾರ ಫೌಂಟನ್ನಿನಲ್ಲೇ ಇದೆ. ಸಾಲಿನ ಮೊದಲಿಗೆ ಚುಕ್ಕಿ ಇಟ್ಟರೆ ಅದು ದೃಶ್ಯ ಶೀರ್ಷಿಕೆ, `@` ಇಟ್ಟರೆ ಪಾತ್ರದ ಹೆಸರು, `!` ಇಟ್ಟರೆ ಕ್ರಿಯಾ ಸಾಲು. ಇಂಗ್ಲಿಷಿನಲ್ಲಿ ಅಪರೂಪಕ್ಕೆ ಬೇಕಾಗುವ ಈ ಗುರುತುಗಳನ್ನು ಕನ್ನಡದಲ್ಲಿ ಪ್ರತಿ ಸಲವೂ ಹಾಕುವುದು ಒಳ್ಳೆಯದು. ಮಗನೊಬ್ಬ ಊರು ಬಿಟ್ಟು ಹೊರಡುವ ದೃಶ್ಯ ಹೀಗೆ ಬರುತ್ತದೆ:

```
.ಹೊರಾಂಗಣ. ಗಿರಿಜಮ್ಮನ ಮನೆ, ಜಗಲಿ - ಮುಂಜಾನೆ #4#

!ಮಂಜ ಮೆಟ್ಟಿಲ ಮೇಲೆ ಕೂತು ಶೂ ದಾರ ಕಟ್ಟುತ್ತಾನೆ.

!ಬಾಗಿಲ ಒಳಗಿನಿಂದ ಒಂದು ಕೈ ಚಾಚುತ್ತದೆ. ಕೈಯಲ್ಲಿ ಬುತ್ತಿ ಗಂಟು.

@ಮಂಜ
(ತಲೆ ಎತ್ತದೆ)
ಹೋಗ್ತೀನವ್ವ.

@ಗಿರಿಜಮ್ಮ
ಹೋಗ್ತೀನಿ ಅನ್ಬಾರ್ದು ಕಣಪ್ಪ. ಬರ್ತೀನಿ ಅನ್ನು.

!ಮಂಜ ಗಂಟು ತಗೊಳ್ಳುತ್ತಾನೆ. ಏನೂ ಹೇಳದೆ ಇಳಿದು ಹೋಗುತ್ತಾನೆ.
```

ಶೀರ್ಷಿಕೆಯಲ್ಲಿ ಮೂರು ಸಂಗತಿ ಸಾಕು: ಒಳಾಂಗಣವೋ ಹೊರಾಂಗಣವೋ, ಜಾಗ, ಹೊತ್ತು. ಕೊನೆಯ `#4#` ದೃಶ್ಯದ ಸಂಖ್ಯೆ. ಜಾಗದ ಹೆಸರನ್ನು ಮೊದಲ ಸಲ ಬರೆದಂತೆಯೇ ಕೊನೆಯವರೆಗೂ ಬರೆಯಬೇಕು. ಒಂದು ಕಡೆ ‘ಗಿರಿಜಮ್ಮನ ಮನೆ, ಜಗಲಿ’, ಮತ್ತೊಂದು ಕಡೆ ‘ಹಳ್ಳಿ ಮನೆ ಮುಂದೆ’ ಎಂದಿದ್ದರೆ ಚಿತ್ರೀಕರಣದ ಪಟ್ಟಿ ಮಾಡುವವರು ಅವನ್ನು ಎರಡು ಜಾಗ ಎಂದೇ ಎಣಿಸುತ್ತಾರೆ. ಅರ್ಧ ದಿನದ ಬಾಡಿಗೆ ಹೀಗೆಯೂ ಹೆಚ್ಚಾಗುತ್ತದೆ.

ಕ್ರಿಯಾ ಸಾಲಿನಲ್ಲಿ ಹೆಚ್ಚು ತಪ್ಪಾಗುವುದು ಕನ್ನಡದ ಒಂದು ಅನುಕೂಲದಿಂದಲೇ. ‘ಮಂಜ ಎದ್ದು, ಚೀಲ ಹೆಗಲಿಗೇರಿಸಿ, ತಾಯಿಯತ್ತ ನೋಡಿ, ಗಂಟು ತೆಗೆದುಕೊಂಡು, ಮೆಟ್ಟಿಲಿಳಿದು ಹೋಗುತ್ತಾನೆ’ ಎಂಬ ವಾಕ್ಯ ಕಥೆಯಲ್ಲಿ ಸಲೀಸು. ಚಿತ್ರಕಥೆಯಲ್ಲಿ ಅದು ಐದು ಕೆಲಸಗಳನ್ನು ಒಂದೇ ಸಾಲಿಗೆ ತುರುಕಿದಂತೆ. ತಾಯಿಯತ್ತ ನೋಡುವ ಆ ಒಂದು ಕ್ಷಣ, ದೃಶ್ಯದ ಜೀವವೇ ಅದಾಗಿದ್ದರೂ, ನಡುವೆ ಮುಳುಗಿಹೋಗುತ್ತದೆ. ಒಂದು ಶಾಟ್ ಆಗಿ ಕಾಣಬೇಕಾದದ್ದಕ್ಕೆ ಒಂದು ಪೂರ್ಣ ಕ್ರಿಯಾಪದ ಕೊಟ್ಟರೆ ಈ ಗೊಂದಲವಿಲ್ಲ. ‘ಮಂಜ ಏಳುತ್ತಾನೆ. ತಾಯಿಯತ್ತ ನೋಡುತ್ತಾನೆ.’ ಇಲ್ಲಿ ಪೂರ್ಣವಿರಾಮವೇ ಕಟ್‌ನ ಸೂಚನೆಯಾಗುತ್ತದೆ. ಎರಡು ಪಾತ್ರಗಳಿರುವಾಗ ಕರ್ತೃಪದ ಬಿಡುವ ನಮ್ಮ ರೂಢಿಯೂ ಸೆಟ್ಟಿನಲ್ಲಿ ‘ನೋಡೋದು ಯಾರು ಸಾರ್?’ ಎಂಬ ಪ್ರಶ್ನೆ ತರುತ್ತದೆ. ಹೆಸರು ಎರಡು ಸಲ ಬಂದರೆ ತಪ್ಪಿಲ್ಲ.

ಕ್ರಿಯಾ ಸಾಲುಗಳು ಸರಳ ಬರಹಗನ್ನಡದಲ್ಲೂ ಸಂಭಾಷಣೆ ಪಾತ್ರದ ಆಡುನುಡಿಯಲ್ಲೂ ಇರುವುದು ವಾಡಿಕೆ. ‘ಅನ್ಬಾರ್ದು’ ಎಂಬುದನ್ನು ‘ಅನ್ನಬಾರದು’ ಎಂದು ತಿದ್ದಿದರೆ ನಟಿ ಹಾಗೆಯೇ ಓದಿಬಿಡಬಹುದು.

ಎರಡನೆಯ ತೊಡಕು ಪುಟದ ಲೆಕ್ಕದ್ದು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಅಂದಾಜು ನಿಂತಿರುವುದು 12 ಪಾಯಿಂಟಿನ ಕೊರಿಯರ್ ಅಕ್ಷರದ ಮೇಲೆ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಕನ್ನಡದ ಅಕ್ಷರಗಳು ಹಾಗಿಲ್ಲ. ‘ರ’ಕ್ಕೂ ‘ಹೋ’ಗೂ ಅಗಲದಲ್ಲಿ ಅಜಗಜಾಂತರ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. ಆದ್ದರಿಂದ ಪ್ರತಿ ಬರಹಗಾರ ತನ್ನ ಫಾಂಟಿಗೆ ತಾನೇ ಲೆಕ್ಕ ಕಟ್ಟಿಕೊಳ್ಳಬೇಕು. ನಾಲ್ಕು ಪುಟವನ್ನು ಅಭಿನಯದ ವೇಗದಲ್ಲಿ, ಮೌನಗಳನ್ನೂ ಬಿಡದೆ ಗಟ್ಟಿಯಾಗಿ ಓದಿ, ಗಡಿಯಾರ ನೋಡಬೇಕು. ಮೂರು ನಿಮಿಷ ಹಿಡಿದರೆ ಪುಟಕ್ಕೆ 45 ಸೆಕೆಂಡು. ಆಗ 16 ಪುಟದ ಚಿತ್ರಕಥೆ 12 ನಿಮಿಷದ ಚಿತ್ರ. ಬರೆಯುವುದು ಯೂನಿಕೋಡಿನಲ್ಲೇ ಆಗಬೇಕು. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಪಠ್ಯವನ್ನು ತಂದು ಅಂಟಿಸಿದರೆ ಕನ್ನಡದ ಬದಲು ಚಿತ್ರವಿಚಿತ್ರ ರೋಮನ್ ಅಕ್ಷರಗಳು ಕಾಣುತ್ತವೆ.

ಇನ್ನು ಇಂಗ್ಲಿಷ್ ಸಬ್‌ಟೈಟಲ್. ಇದನ್ನು ಎಡಿಟಿಂಗ್ ಮುಗಿದ ಮೇಲಿನ ಕೆಲಸವೆಂದು ಹಲವರು ಕೊನೆಗೆ ಬಿಡುತ್ತಾರೆ. ಸಮಯ ಕೂರಿಸುವ ಕೆಲಸ ಕೊನೆಯದು ಎಂಬುದು ನಿಜ. ಎಡಿಟ್ ಅಂತಿಮವಾಗದೆ ಅದನ್ನು ಮಾಡುವುದು ದಂಡ. ಆದರೆ ಪದಗಳ ಆಯ್ಕೆ ಚಿತ್ರಕಥೆಯ ಹಂತದಲ್ಲೇ ಆಗಬೇಕಾದದ್ದು. ಮೇಲಿನ ದೃಶ್ಯವನ್ನೇ ನೋಡಬಹುದು. ಹೊರಡುವಾಗ ‘ಹೋಗ್ತೀನಿ’ ಎನ್ನುವುದು ಅಶುಭ, ‘ಬರ್ತೀನಿ’ ಎನ್ನಬೇಕು ಎಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಚಿತ್ರದ ಒಂಬತ್ತನೆಯ, ಕೊನೆಯ ದೃಶ್ಯದಲ್ಲಿ ಹಾಸಿಗೆ ಹಿಡಿದ ಗಿರಿಜಮ್ಮ ಮಗನ ಕೈ ಹಿಡಿದು ‘ಹೋಗ್ತೀನಿ ಕಣಪ್ಪ’ ಎನ್ನುತ್ತಾಳೆ ಎಂದಿಟ್ಟುಕೊಂಡರೆ, ಆ ಒಂದು ಪದಕ್ಕೆ ಪ್ರೇಕ್ಷಕನ ಎದೆ ಝಲ್ಲೆನ್ನುವುದು ನಾಲ್ಕನೆಯ ದೃಶ್ಯದ ಮಾತು ನೆನಪಿರುವುದರಿಂದ. ಅನುವಾದಕರು ಬಿಡಿ ಬಿಡಿ ಮಾತು ನೋಡಿ ಮಗನ ‘ಹೋಗ್ತೀನವ್ವ’ಕ್ಕೆ ‘ಬೈ’ ಎಂದೂ ತಾಯಿಯ ‘ಹೋಗ್ತೀನಿ’ಗೆ ‘ಟೇಕ್ ಕೇರ್’ ಎಂದೂ ಹಾಕಿದರೆ ಇಂಗ್ಲಿಷ್ ಓದುವವನಿಗೆ ಚಿತ್ರವೇ ಮುಟ್ಟುವುದಿಲ್ಲ.

ಹಾಗಾಗಿ ಪ್ರತಿ ಮಾತಿಗೂ ದೃಶ್ಯಸಂಖ್ಯೆಯ ಜೊತೆ ಒಂದು ಸಂಖ್ಯೆ ಕೊಟ್ಟು, ಎದುರಿಗೆ ಇಂಗ್ಲಿಷ್ ಸಾಲು ಬರೆದ ಪಟ್ಟಿಯೊಂದು ಬೇಕು: 4.1 ಮಗನ ಮಾತು, 4.2 ತಾಯಿಯದು, 9.2 ಕೊನೆಯದು. ಎರಡು ಮಾತುಗಳಲ್ಲಿ ಒಂದೇ ಪದ ಉಳಿಯಬೇಕೆಂದಿದ್ದರೆ ಅದನ್ನು ಚಿತ್ರಕಥೆಯಲ್ಲೇ ಟಿಪ್ಪಣಿಯಾಗಿ ಬರೆದಿಡಬಹುದು. ಫೌಂಟನ್ನಿನಲ್ಲಿ ಜೋಡಿ ಚೌಕ ಆವರಣದೊಳಗಿನ ಮಾತು ಟಿಪ್ಪಣಿ. ಸಾಮಾನ್ಯವಾಗಿ ಅದು ಮುದ್ರಣಕ್ಕೆ ಬರುವುದಿಲ್ಲ:

```
[[4.1, 4.2, 9.2: ಮೂರರಲ್ಲೂ "going" ಪದವೇ ಇರಲಿ]]
```

ಎಡಿಟ್ ಅಂತಿಮವಾದ ಮೇಲೆ ಪಟ್ಟಿಯ ಸಾಲುಗಳು ಎಸ್‌ಆರ್‌ಟಿ ಫೈಲಿಗೆ ಹೋಗುತ್ತವೆ. ಅದರ ರಚನೆ ಸರಳ: ಕ್ರಮಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ, ಪಠ್ಯ, ಕೊನೆಗೆ ಒಂದು ಖಾಲಿ ಸಾಲು. ಸೆಕೆಂಡಿನ ನಂತರ ಚುಕ್ಕಿಯಲ್ಲ, ಅಲ್ಪವಿರಾಮ.

```
11
00:02:14,200 --> 00:02:15,500
I'm going, Avva.

12
00:02:16,100 --> 00:02:18,600
Don't say "going".
Say you'll be back.
```

‘ಅವ್ವ’ ಇಲ್ಲಿ ಹಾಗೆಯೇ ಉಳಿದಿದೆ. ಧ್ವನಿಯಲ್ಲಿ ಕೇಳಿಸುವ ಸಂಬೋಧನೆಯನ್ನು ಬದಲಿಸಿದರೆ ಓದುವ ಕಣ್ಣಿಗೂ ಕಿವಿಗೂ ಜಗಳ. ‘ಕಣಪ್ಪ’ ಬಿಟ್ಟುಹೋಗಿದೆ, ಅದರ ಅಕ್ಕರೆಯನ್ನು ನಟಿಯ ದನಿಯೇ ಹೊರುತ್ತದೆ.

ಸಾಲಿಗೆ ಹೆಚ್ಚೆಂದರೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು, ಸೆಕೆಂಡಿಗೆ 17ರಿಂದ 20 ಅಕ್ಷರದೊಳಗಿನ ಓದು ಎಂಬುದು ಸಾಮಾನ್ಯ ಮಿತಿ. ಹನ್ನೆರಡನೆಯ ಸಬ್‌ಟೈಟಲಿನಲ್ಲಿ ಜಾಗ, ಚಿಹ್ನೆ ಸೇರಿ 37 ಅಕ್ಷರಗಳಿವೆ, ಇರುವ ಸಮಯ ಎರಡೂವರೆ ಸೆಕೆಂಡು. ಸೆಕೆಂಡಿಗೆ ಸುಮಾರು 15, ಆರಾಮದ ಓದು. ಲೆಕ್ಕ ಮೀರಿದರೆ ಕತ್ತರಿ ಬೀಳಬೇಕಾದದ್ದು ಪದಗಳಿಗೇ. ಮಾತು ಮುಗಿದ ಮೇಲೂ ಸಾಲನ್ನು ತೆರೆಯ ಮೇಲೆ ಎಳೆದರೆ ಅದು ಮುಂದಿನ ಶಾಟಿಗೆ ಅಂಟಿಕೊಳ್ಳುತ್ತದೆ.

ಪದಗಳ ಕ್ರಮವೂ ಕೈಕೊಡುತ್ತದೆ. ‘ನಿಮ್ಮಪ್ಪ ಬಸ್‌ಸ್ಟ್ಯಾಂಡ್ ತನಕ ಬಂದು, ನಿನ್ನ ಮಾತಾಡಿಸ್ದೆ ವಾಪಸ್ ಹೋದ್ರು’ ಎಂಬ ಮಾತಿನಲ್ಲಿ ಪೆಟ್ಟು ಇರುವುದು ಎರಡನೆಯ ಅರ್ಧದಲ್ಲಿ. ನಟಿ ‘ಬಂದು’ ಎಂದು ನಿಲ್ಲಿಸಿದ್ದಾಗಲೇ ಇಡೀ ವಾಕ್ಯ ತೆರೆಯ ಮೇಲಿದ್ದರೆ ಇಂಗ್ಲಿಷ್ ಪ್ರೇಕ್ಷಕ ಸುದ್ದಿಯನ್ನು ಮೊದಲೇ ಓದಿ ಮುಗಿಸಿರುತ್ತಾನೆ. ಆಗ ಅದನ್ನು ಎರಡು ಸಬ್‌ಟೈಟಲ್ ಮಾಡಿ, ಎರಡನೆಯದನ್ನು ಮೌನದ ನಂತರ ಬಿಡಬೇಕು.

ಕೊನೆಗೆ ಫೈಲನ್ನು ಚಿತ್ರದ ಜೊತೆ ಓಡಿಸಿ ಮೊದಲ ಮಾತು, ಕೊನೆಯ ಮಾತು ಎರಡನ್ನೂ ನೋಡಬೇಕು. ಎರಡೂ ಒಂದೇ ಅಳತೆಯಲ್ಲಿ ಮುಂಚೆ ಬರುತ್ತಿದ್ದರೆ, ಸಮಯ ಕೂರಿಸಿದ ಮೇಲೆ ಯಾರೋ ಚಿತ್ರದ ಮುಂದೆ ಲೋಗೋ ಅಥವಾ ಶೀರ್ಷಿಕೆ ಸೇರಿಸಿದ್ದಾರೆ. ಅಷ್ಟು ಸೆಕೆಂಡು ಎಲ್ಲಕ್ಕೂ ಕೂಡಿಸಿದರೆ ಸರಿ. ಮೊದಲನೆಯದು ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದಿದ್ದರೆ ದೋಷ ಫ್ರೇಮ್ ವೇಗದ್ದು. ಸೆಕೆಂಡಿಗೆ 24 ಫ್ರೇಮಿನಲ್ಲಿ ಎಡಿಟ್ ಆದ ಹತ್ತು ನಿಮಿಷದ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ ಅದು 24 ಸೆಕೆಂಡು ಬೇಗ ಮುಗಿಯುತ್ತದೆ. ಗಿರಿಜಮ್ಮನ ಕೊನೆಯ ಮಾತಿನ ಸಬ್‌ಟೈಟಲ್ ಆಗ ತೆರೆ ಕತ್ತಲಾದ ಮೇಲೆ ಬರುತ್ತದೆ. ಇಲ್ಲಿ ಸೆಕೆಂಡು ಕೂಡಿಸಿ ಕಳೆದು ಉಪಯೋಗವಿಲ್ಲ. ಎಲ್ಲ ಸಮಯವನ್ನೂ 24ರಿಂದ ಗುಣಿಸಿ 25ರಿಂದ ಭಾಗಿಸಬೇಕು. ಸಬ್‌ಟೈಟಲ್ ತಂತ್ರಾಂಶಗಳಲ್ಲಿ ಫ್ರೇಮ್ ವೇಗ ಬದಲಿಸುವ ಆಯ್ಕೆ ಮಾಡುವುದು ಇದನ್ನೇ.