ರಜೆಗೊಂದು ಮೇಜು, ಹಣಕ್ಕೊಂದು ಮೇಜು

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಒಬ್ಬರಿಗೆ ಮೈಸೂರಿನ ನರ್ಸಿಂಗ್ ಸಂಶೋಧನಾ ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸುವ ಅವಕಾಶ ಸಿಕ್ಕಿದೆ ಎಂದುಕೊಳ್ಳಿ. ಶುಕ್ರವಾರ, ಶನಿವಾರ ಸಮ್ಮೇಳನ. ರಜೆ ಬೇಕು, ಖರ್ಚಿಗೆ ನೆರವೂ ಬೇಕು. ಇಂಥ ಪತ್ರಗಳು ಹೆಚ್ಚಾಗಿ ‘ಜ್ಞಾನಾರ್ಜನೆಗಾಗಿ ಅವಕಾಶ ಮಾಡಿಕೊಡಬೇಕಾಗಿ ವಿನಂತಿ’ ಎಂದು ಮುಗಿಯುತ್ತವೆ. ಓದುವ ಆಡಳಿತಾಧಿಕಾರಿಗೆ ಮಾತ್ರ ಬೇರೆಯೇ ಚಿಂತೆ: ಆ ಎರಡು ದಿನ ವಾರ್ಡಿನಲ್ಲಿ ಯಾರಿರುತ್ತಾರೆ? ಹಣ ಎಷ್ಟು?

ಈ ಎರಡು ಪ್ರಶ್ನೆಗಳು ಹೋಗುವುದು ಎರಡು ಬೇರೆ ಮೇಜುಗಳಿಗೆ. ರಜೆಯನ್ನು ನೋಡುವವರು ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಎಚ್‌ಆರ್ ವಿಭಾಗದವರು, ಹಣವನ್ನು ನೋಡುವವರು ಲೆಕ್ಕಪತ್ರ ವಿಭಾಗದವರು. ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದು ಕೇಳಿದರೆ, ಹಣಕ್ಕೆ ‘ಇಲ್ಲ’ ಎಂದಾಗ ರಜೆಯೂ ಅದರ ಜೊತೆಗೇ ಹೋಗಬಹುದು. ಆದ್ದರಿಂದ ಪತ್ರ ಒಂದೇ ಆದರೂ ಕೋರಿಕೆಗಳಿಗೆ 1, 2 ಎಂದು ಅಂಕಿ ಹಾಕಿ ಬಿಡಿಸಿ ಬರೆಯಬೇಕು. ‘ನೆರವು ಸಾಧ್ಯವಾಗದಿದ್ದರೂ ಮೊದಲನೆಯ ಕೋರಿಕೆಯನ್ನು ಪರಿಗಣಿಸಬೇಕು’ ಎಂಬ ಒಂದು ಸಾಲನ್ನೂ ಸೇರಿಸಬೇಕು.

ರಜೆಯ ಭಾಗ ಬರೆಯುವ ಮುನ್ನ ಡ್ಯೂಟಿ ರೋಸ್ಟರ್ ಮುಂದಿಟ್ಟುಕೊಳ್ಳಬೇಕು. ಗುರುವಾರ ಬೆಳಗಿನ ಪಾಳಿ ಮುಗಿಸಿ ರಾತ್ರಿ ರೈಲು ಹತ್ತುವುದು, ಶನಿವಾರ ರಾತ್ರಿ ಹೊರಟು ಭಾನುವಾರ ಬೆಳಿಗ್ಗೆ ಊರು ಸೇರುವುದು, ಭಾನುವಾರವನ್ನೇ ವಾರದ ರಜೆಯಾಗಿ ಪಡೆಯುವುದು ಎಂದು ಹೊಂದಿಸಿದರೆ ಕೇಳಬೇಕಾದದ್ದು ಎರಡೇ ದಿನ. ಅದನ್ನೂ ಸ್ವಂತ ರಜೆಯಿಂದ ಕಳೆಯದೆ ‘ಕರ್ತವ್ಯದ ಮೇಲೆ’ ಎಂದು ಪರಿಗಣಿಸಲು ಕೇಳಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೇ ಒಒಡಿ ಎನ್ನುವುದು. ಆ ಎರಡು ಪಾಳಿಗಳಿಗೆ ಬದಲಿ ಬರಲು ಯಾರು ಒಪ್ಪಿದ್ದಾರೆಂದು ಹೆಸರು ಬರೆದು, ಅವರ ಸಹಿಯನ್ನೂ ಹಾಕಿಸಿದರೆ ವಾರ್ಡಿನ ಚಿಂತೆ ಅಲ್ಲಿಗೇ ಮುಗಿಯುತ್ತದೆ.

ಹಣದ ಭಾಗದಲ್ಲಿ ‘ಸೂಕ್ತ ನೆರವು’ ಎಂಬ ಮಾತಿನಿಂದ ಉಪಯೋಗವಿಲ್ಲ, ಮೊತ್ತ ಬೇಕು. ನಮ್ಮ ಉದಾಹರಣೆಗೆ ಹೀಗೊಂದು ಲೆಕ್ಕ ಇಟ್ಟುಕೊಳ್ಳೋಣ: ನೋಂದಣಿ 3,500 ರೂಪಾಯಿ, ರೈಲು ಹೋಗಿಬರಲು 1,200, ಪೋಸ್ಟರ್ ಮುದ್ರಣ 800, ಒಂದು ರಾತ್ರಿಯ ವಸತಿ 1,500. ಒಟ್ಟು 7,000. ಇದರಲ್ಲಿ ವಸತಿಯನ್ನು ತಾನೇ ಭರಿಸುವುದಾಗಿ ಹೇಳಿ ಉಳಿದ 5,500 ಕೇಳಿದರೆ, ಬರೆದವರು ಯೋಚಿಸಿ ಕೇಳಿದ್ದಾರೆಂದು ಓದುವವರಿಗೆ ತಿಳಿಯುತ್ತದೆ. ನೋಂದಣಿ ಶುಲ್ಕ ಯಾವ ದಿನದ ನಂತರ ಏರುತ್ತದೆಂಬುದನ್ನೂ ಬರೆಯಬೇಕು. ಕಡತಕ್ಕೆ ಗಡುವು ಕೊಡುವುದು ಆ ತಾರೀಖೇ.

ಇನ್ನು ಸಮ್ಮೇಳನದಿಂದ ಆಸ್ಪತ್ರೆಗೇನು ಸಿಗುತ್ತದೆ? ಇಲ್ಲಿ ವಿಷಯದ ಬಗ್ಗೆಯೇ ಮಾತಾಡಬೇಕು. ನಮ್ಮ ನರ್ಸ್‌ನ ಪೋಸ್ಟರ್ ಸಲೈನ್ ಸೂಜಿ ಹಾಕಿದ ಜಾಗದಲ್ಲಿ ರಕ್ತನಾಳ ಊದಿಕೊಳ್ಳುವುದರ ಬಗ್ಗೆ. ಅದನ್ನು ಅಳೆಯಲು ವಿಐಪಿ ಸ್ಕೋರ್ ಎಂಬ 0ರಿಂದ 5ರವರೆಗಿನ ಪಟ್ಟಿಯಿದೆ. ಗಣ್ಯರಿಗೂ ಇದಕ್ಕೂ ಸಂಬಂಧವಿಲ್ಲ, ಸೂಜಿಯ ಜಾಗವನ್ನು ಕಣ್ಣಿನಿಂದ ನೋಡಿ ಅಂಕ ಕೊಡುವ ಕ್ರಮ ಅದು. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಅಂಕ 2, ಸೂಜಿಯ ಜಾಗ ಬದಲಿಸಬೇಕು. ಹಾಗಾಗಿ ಪತ್ರದಲ್ಲಿ ಹೀಗೆ ಬರೆಯಬಹುದು:

‘ಹಿಂತಿರುಗಿದ 15 ದಿನಗಳೊಳಗೆ ಎರಡು ವಾರ್ಡುಗಳ ಸಿಬ್ಬಂದಿಗೆ ಒಂದು ಗಂಟೆಯ ತರಬೇತಿ ನೀಡುತ್ತೇನೆ. ಪ್ರತಿ ಪಾಳಿಯಲ್ಲೂ ಈ ಅಂಕ ದಾಖಲಿಸುವ ಹಾಳೆಯನ್ನು ಸಿದ್ಧಪಡಿಸಿ ಕೊಡುತ್ತೇನೆ. ಬಿಲ್ಲುಗಳನ್ನೂ ಹಾಜರಾತಿ ಪ್ರಮಾಣಪತ್ರವನ್ನೂ ಏಳು ದಿನಗಳಲ್ಲಿ ಸಲ್ಲಿಸುತ್ತೇನೆ.’

ಪತ್ರ ಸಾಮಾನ್ಯವಾಗಿ ಎಡವುವುದು ಲಗತ್ತುಗಳಲ್ಲಿ. ಆಸ್ಪತ್ರೆಯ ರೋಗಿಗಳ ಮಾಹಿತಿಯನ್ನು ಹೊರಗೆ ಮಂಡಿಸಲು ಅನುಮತಿ ಕೊಟ್ಟವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಪತ್ರ ಅದಕ್ಕೆ ಉತ್ತರ. ಪ್ರಬಂಧ ಸಾರಾಂಶ ಸ್ವೀಕೃತವಾಗಿದೆ ಎಂಬ ಪತ್ರವೂ ಜೊತೆಗಿರಬೇಕು. ಅದಿನ್ನೂ ಬಂದಿಲ್ಲವಾದರೆ ‘ಸ್ವೀಕೃತವಾದರೆ ಮಾತ್ರ’ ಎಂದು ಷರತ್ತು ಹಾಕಿಯೇ ಕೇಳುವುದು ಪ್ರಾಮಾಣಿಕತೆ. ಹೊಗಳಿಕೆಯ ಇಮೇಲ್ ಕಳಿಸಿ ಶುಲ್ಕ ದೋಚುವ ಸಮ್ಮೇಳನಗಳೂ ಇರುವುದರಿಂದ, ಸಂಘಟಕರು ಯಾರು, ರಾಜ್ಯ ನರ್ಸಿಂಗ್ ಪರಿಷತ್ತು ಇದಕ್ಕೆ ಕ್ರೆಡಿಟ್ ಗಂಟೆಗಳನ್ನು ಕೊಟ್ಟಿದೆಯೇ ಎಂಬುದನ್ನು ವಿಚಾರಿಸಿ ಬರೆಯಬೇಕು. ನೋಂದಣಿ ನವೀಕರಣಕ್ಕೆ 5 ವರ್ಷಗಳಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಹೀಗಾಗಿ ಆ ಗಂಟೆಗಳಿಗೂ ಬೆಲೆಯಿದೆ.

ಇಷ್ಟೆಲ್ಲ ಸೇರಿಯೂ ಪತ್ರ ಒಂದು ಪುಟ ದಾಟಬಾರದು. ವಾರ್ಡ್ ಇನ್‌ಚಾರ್ಜ್ ಮತ್ತು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಶಿಫಾರಸಿನ ಸಹಿಯೊಂದಿಗೆ, ಸಮ್ಮೇಳನಕ್ಕೆ ಆರು ವಾರ ಮೊದಲೇ ಅದು ಮೇಜು ತಲುಪಲಿ. ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಆಯ್ತು, ಹೋಗಿ ಬನ್ನಿ’ ಎಂಬ ಬಾಯಿಮಾತನ್ನು ನಂಬಿ ಟಿಕೆಟ್ ಕಾಯ್ದಿರಿಸಬೇಡಿ. ಮರುಪಾವತಿ ಕೇಳಲು ಹೋದ ದಿನ ಲೆಕ್ಕಪತ್ರ ವಿಭಾಗ ಕೇಳುವುದು ಸಹಿ ಬಿದ್ದ ಮಂಜೂರಾತಿಯನ್ನು ಮಾತ್ರ.