ಜೂನ್‌ನಲ್ಲಿ ಸರಿಯಿದ್ದ ಸಹಿಗೆ ಜನವರಿಯಲ್ಲಿ ತಕರಾರೇಕೆ?

ಜೂನ್‌ನಲ್ಲಿ ಕಂಪನಿ ಕೊಟ್ಟ ಫಾರ್ಮ್ 16ರ ಪಿಡಿಎಫ್ ತೆರೆದಾಗ ಹಸಿರು ಟಿಕ್ ಕಾಣಿಸಿತ್ತು ಎನ್ನಿ. ಜನವರಿಯಲ್ಲಿ ಸಾಲಕ್ಕೆಂದು ಅದೇ ಫೈಲನ್ನು ಬ್ಯಾಂಕಿಗೆ ಕೊಟ್ಟರೆ ಅಕ್ರೋಬ್ಯಾಟ್ `At least one signature has problems` ಎನ್ನುತ್ತದೆ. ನಡುವೆ ಯಾರೂ ಫೈಲನ್ನು ಮುಟ್ಟಿಲ್ಲ. ಬದಲಾಗಿದ್ದು ತಾರೀಖು ಮಾತ್ರ.

ಡಿಜಿಟಲ್ ಸಹಿ ಹಾಕುವಾಗ ತಂತ್ರಾಂಶವು ಇಡೀ ಫೈಲಿನಿಂದ ಹ್ಯಾಶ್ ಎಂಬ ಚಿಕ್ಕ ಗುರುತನ್ನು ಲೆಕ್ಕ ಹಾಕುತ್ತದೆ. ಯುಎಸ್‌ಬಿ ಟೋಕನ್‌ನಲ್ಲಿರುವ ಗುಪ್ತ ಕೀಲಿ ಅದಕ್ಕೆ ಸಹಿ ಹಾಕುತ್ತದೆ. ಆ ಕೀಲಿ ಯಾರದು ಎಂದು ಹೇಳುವ ಸರ್ಟಿಫಿಕೇಟೂ ಜೊತೆಗೆ ಸೇರುತ್ತದೆ. ಅದಕ್ಕೊಂದು ಅವಧಿ ಇದೆ. ನಮ್ಮ ಉದಾಹರಣೆಯಲ್ಲಿ ಅದು ಆಗಸ್ಟ್‌ಗೇ ಮುಗಿದಿದೆ.

ಸಹಿ ಬಿದ್ದಿದ್ದು ಜೂನ್‌ನಲ್ಲೇ ಎಂದು ನಂಬುವುದು ಹೇಗೆ? ಫೈಲಿನಲ್ಲಿರುವ ಸಮಯ ಸಹಿ ಹಾಕಿದವರ ಕಂಪ್ಯೂಟರಿನ ಗಡಿಯಾರದ್ದಾದರೆ, ಅದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಹಾಗಾಗಿ ಅಕ್ರೋಬ್ಯಾಟ್ ಸಾಮಾನ್ಯವಾಗಿ ಇಂದಿನ ತಾರೀಖಿಗೇ ಸರ್ಟಿಫಿಕೇಟನ್ನು ಪರೀಕ್ಷಿಸುತ್ತದೆ. ಅವಧಿ ಮುಗಿದಿದ್ದರೆ ಎಚ್ಚರಿಸುತ್ತದೆ. ಇದಕ್ಕೆ ಪರಿಹಾರ ಟೈಮ್‌ಸ್ಟ್ಯಾಂಪ್. ಸಹಿ ಹಾಕಿದ ಕೂಡಲೇ ಆ ಸಹಿಯ ಹ್ಯಾಶ್ ಮಾತ್ರ ಟೈಮ್‌ಸ್ಟ್ಯಾಂಪ್ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದಕ್ಕೆ ತನ್ನ ಸಮಯ ಸೇರಿಸಿ, ತನ್ನದೇ ಸಹಿ ಹಾಕಿ ಹಿಂತಿರುಗಿಸುತ್ತದೆ. ಆಗ ಈ ಸಹಿ ಆ ಗಳಿಗೆಗೆ ಮೊದಲೇ ಇತ್ತು ಎಂಬುದಕ್ಕೆ ಮೂರನೆಯವರ ಸಾಕ್ಷಿ ಸಿಕ್ಕಿತು.

ಟೈಮ್‌ಸ್ಟ್ಯಾಂಪ್ ಇದ್ದೂ ಎಚ್ಚರಿಕೆ ಬರುವುದುಂಟು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಅದನ್ನು ನಡುವೆಯೇ ರದ್ದುಮಾಡಿರಬಹುದು. ರದ್ದಾದವುಗಳ ಪಟ್ಟಿಯನ್ನು ಸಂಸ್ಥೆ ಪ್ರಕಟಿಸುತ್ತದೆ ನಿಜ, ಆದರೆ ಅವಧಿ ಮುಗಿದವನ್ನು ಅದರಿಂದ ತೆಗೆದುಹಾಕಲು ನಿಯಮದಲ್ಲಿ ಅವಕಾಶವಿದೆ. ಜನವರಿಯ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಜೂನ್‌ನಲ್ಲಿ ಊರ್ಜಿತವಾಗಿತ್ತು ಎಂದಾಗದು. ಜೂನ್‌ನ ಉತ್ತರವನ್ನು ಜೂನ್‌ನಲ್ಲೇ ಪಡೆದು ಫೈಲಿನೊಳಗೆ ಇಟ್ಟಿರಬೇಕು. ಸಹಿ ಹಾಕುವವರು ಇದನ್ನೇ ಮರೆಯುವುದು ಹೆಚ್ಚು. ಅಕ್ರೋಬ್ಯಾಟ್‌ನ ಸಹಿ ಸೆಟ್ಟಿಂಗ್‌ಗಳಲ್ಲಿ `Include signature's revocation status` ಆಯ್ಕೆ ಇರುವುದು ಇದಕ್ಕಾಗಿಯೇ. ಟೈಮ್‌ಸ್ಟ್ಯಾಂಪ್ ಸರ್ವರಿನ ಸರ್ಟಿಫಿಕೇಟಿಗೂ ಕೊನೆಯ ದಿನವಿದೆ. ದಶಕಗಟ್ಟಲೆ ಇಡಬೇಕಾದ ದಾಖಲೆಯಾದರೆ ಅದು ಮುಗಿಯುವ ಮೊದಲೇ ಮತ್ತೊಂದು ಟೈಮ್‌ಸ್ಟ್ಯಾಂಪ್ ಹಾಕಬೇಕು.

ಎಚ್ಚರಿಕೆ ಕಂಡವರು ಫೈಲನ್ನು ನಕಲಿ ಎನ್ನುವ ಮೊದಲು ಸಹಿಯ ಪ್ಯಾನೆಲ್ ತೆರೆದು ಓದಬೇಕು. ಸಹಿಯ ನಂತರ ದಾಖಲೆ ಬದಲಾಗಿಲ್ಲ ಎಂಬ ಸಾಲಿದ್ದರೆ ಒಳಗಿನ ಅಂಕಿಗಳು ಹಾಗೇ ಇವೆ. ಸಂಶಯವಿರುವುದು ಸಹಿ ಹಾಕಿದವರ ಗುರುತಿನ ಬಗ್ಗೆ. `Signing time is from the clock on the signer's computer` ಎಂದಿದ್ದರೆ ಟೈಮ್‌ಸ್ಟ್ಯಾಂಪ್ ಇಲ್ಲ. ಮೊದಲ ದಿನದಿಂದಲೇ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದ್ದರೆ ಅವಧಿಯ ಮಾತು ಬೇರೆ. ಬಹುಶಃ ಸರ್ಟಿಫಿಕೇಟಿನ ಮೂಲ ಸಂಸ್ಥೆಯನ್ನು ಆ ಕಂಪ್ಯೂಟರ್ ಇನ್ನೂ ನಂಬಿಲ್ಲ.

ಆಗಸ್ಟ್ ದಾಟಿದ ಮೇಲೆ ಹಳೆಯ ಫೈಲಿಗೆ ಟೈಮ್‌ಸ್ಟ್ಯಾಂಪ್ ಸೇರಿಸಿ ಪ್ರಯೋಜನವಿಲ್ಲ. ಅದು ಜನವರಿಯನ್ನು ಸಾಬೀತುಮಾಡುತ್ತದೆಯೇ ಹೊರತು ಜೂನ್ ಅನ್ನಲ್ಲ. ಕಂಪನಿಯ ಲೆಕ್ಕವಿಭಾಗಕ್ಕೆ ಹೇಳಿ, ಹೊಸ ಸರ್ಟಿಫಿಕೇಟಿನಿಂದ ಫಾರ್ಮ್ 16ಕ್ಕೆ ಮತ್ತೊಮ್ಮೆ ಸಹಿ ಹಾಕಿಸಿಕೊಳ್ಳಬೇಕು, ಈ ಬಾರಿ ಟೈಮ್‌ಸ್ಟ್ಯಾಂಪ್ ಸಮೇತ.