ಮಿತಿ ದಾಟಿದರೂ ಮೇಲ್ ಬರದಿದ್ದಾಗ

ಪವರ್ ಬಿಐ ಡ್ಯಾಶ್‌ಬೋರ್ಡಿನಲ್ಲಿ ಔಷಧಿ ದಾಸ್ತಾನಿನ ಟೈಲ್ ಇದೆ ಎನ್ನಿ. ಅದರ ಮೂಲೆಯ ಮೂರು ಚುಕ್ಕಿ ಒತ್ತಿ, Manage alerts ತೆರೆದು, ‘200ಕ್ಕಿಂತ ಕಡಿಮೆಯಾದರೆ ಇಮೇಲ್ ಕಳಿಸು’ ಎಂದು ಮಿತಿ ಹಾಕಬಹುದು. ಒಂದೇ ಅಂಕಿ ತೋರಿಸುವ ಕಾರ್ಡ್, ಕೆಪಿಐ, ಗೇಜ್ ಟೈಲ್‌ಗಳಿಗಷ್ಟೇ ಈ ಸೌಲಭ್ಯ.

ಹೆಚ್ಚಿನವರು ಎಡವುವುದು ಮುಂದೆ. ಮಿತಿ ದಾಟಿತೇ ಎಂಬ ಪರೀಕ್ಷೆ ನಡೆಯುವುದು ದತ್ತಾಂಶ ರಿಫ್ರೆಶ್ ಆದಾಗ ಮಾತ್ರ. ಬೆಳಿಗ್ಗೆ 6ಕ್ಕೂ ಸಂಜೆ 6ಕ್ಕೂ ರಿಫ್ರೆಶ್ ಇದ್ದು, 10 ಗಂಟೆಗೆ ದಾಸ್ತಾನು 150ಕ್ಕೆ ಇಳಿದರೆ, ಮೇಲ್ ಬರುವುದು ಸಂಜೆಯೇ. ನಾಲ್ಕಕ್ಕೆ ಹೊಸ ಮಾಲು ಬಂದು ಅಂಕಿ ಮೇಲೇರಿದರೆ, ಆ ಕೊರತೆಯ ಸುದ್ದಿ ಬರುವುದೇ ಇಲ್ಲ. ಬಂದ ಮೇಲ್ ಕೂಡ ಎಚ್ಚರಿಕೆ ಇಟ್ಟವರಿಗೆ ಮಾತ್ರ, ಸಹೋದ್ಯೋಗಿಗಳಿಗೆ ತಿಳಿಯದು. ಹಾಗಾಗಿ ಮಿತಿ ಹಾಕುವ ಮುನ್ನ ರಿಫ್ರೆಶ್ ವೇಳಾಪಟ್ಟಿ ನೋಡಿಕೊಳ್ಳಿ.